ಬೇಸನ್ ಲಾಡು ಕೂತುಬಿಡುತ್ತೆ, ರವೆ ಉಂಡೆ ಉದುರುತ್ತೆ: ತುಪ್ಪ ಎಷ್ಟು, ಹುರಿಯೋದು ಎಲ್ಲಿವರೆಗೆ?

ಸಂಪಿಗೆಮನೆ
ಎರಡು ಪ್ರಶ್ನೆ ಒಟ್ಟಿಗೇ ಕೇಳ್ತಿದ್ದೀನಿ, ಎರಡಕ್ಕೂ ಸಂಬಂಧ ಇದೆ ಅಂತ ಅನಿಸ್ತಿದೆ.

ಬೇಸನ್ ಲಾಡು: ಅಂಗಡಿಯ ಸಣ್ಣ ಕಡಲೆ ಹಿಟ್ಟು 500 ಗ್ರಾಂ, ತುಪ್ಪ 350 ಗ್ರಾಂ, ಸಕ್ಕರೆ ಪುಡಿ 400 ಗ್ರಾಂ. ಮಧ್ಯಮ ಉರಿಯಲ್ಲಿ 15 ನಿಮಿಷ ಹುರಿದು, ಒಲೆ ಆರಿಸಿ ಐದು ನಿಮಿಷಕ್ಕೆ ಸಕ್ಕರೆ ಬೆರೆಸಿದ್ದು. ಕಟ್ಟುವಾಗ ಚೆನ್ನಾಗೇ ಬಂತು. ಬೆಳಿಗ್ಗೆ ಡಬ್ಬಿ ತೆಗೆದರೆ ಎಲ್ಲವೂ ತಳ ಅಗಲವಾಗಿ ಕೂತಿವೆ, ಒಂದಕ್ಕೊಂದು ಅಂಟಿವೆ. ತಿಂದರೆ ಅಂಗುಳಕ್ಕೆ ಅಂಟುತ್ತೆ.

ರವೆ ಉಂಡೆ: ಬಾಂಬೆ ರವೆ 500 ಗ್ರಾಂ, ತುಪ್ಪ 200 ಗ್ರಾಂ, ಸಕ್ಕರೆ ಪುಡಿ 400 ಗ್ರಾಂ, ಒಂದು ಹಿಡಿ ಕೊಬ್ಬರಿ ತುರಿ. ಉಂಡೆ ನಿಲ್ಲಲಿಲ್ಲ ಅಂತ ಮತ್ತೆ 50 ಗ್ರಾಂ ತುಪ್ಪ ಹಾಕಿದೆ. ಕೈಯೆಲ್ಲ ಜಿಡ್ಡಾಯ್ತು, ಉಂಡೆ ಮಾತ್ರ ಈಗಲೂ ಉದುರುತ್ತೆ.

ಎರಡೂ ಹಾಗೇ ಇವೆ, ಎಸೆದಿಲ್ಲ. ಸರಿ ಮಾಡೋಕೆ ಆಗುತ್ತಾ?

ಕಾರ್ತಿಕ್_ಎಸ್
ಬೇಸನ್‌ದು ಸುಲಭ. ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ, ಗಟ್ಟಿಯಾಗುತ್ತೆ, ಮತ್ತೆ ಉಂಡೆ ಕಟ್ಟಿ. ರವೆದಕ್ಕೆ ತುಪ್ಪ ಇನ್ನೂ ಸಾಲದು ಅನ್ಸುತ್ತೆ. ಬಿಸಿ ತುಪ್ಪ ಹಾಕಿ ನೋಡಿ, ತಣ್ಣಗಿದ್ದರೆ ಹಿಡಿಯಲ್ಲ.

ಅಡಿಗೆಭಟ್ಟ_ಹಾಸನ
ಕಾರ್ತಿಕ್, ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗೋದು ನಿಜ, ಆದರೆ ಅದು ಫ್ರಿಜ್ ಒಳಗಿರುವಷ್ಟು ಹೊತ್ತು ಮಾತ್ರ. ತಟ್ಟೆಗೆ ಹಾಕಿ ಎರಡು ಗಂಟೆ ಬಿಟ್ಟರೆ ಮತ್ತೆ ಕೂರುತ್ತೆ. ಒಳಗಿನ ಲೆಕ್ಕ ಬದಲಾಗಿಲ್ಲವಲ್ಲ. ಇನ್ನು ರವೆ ಉಂಡೆಗೆ ತುಪ್ಪ ಸುರಿಯುವ ಸಲಹೆ ದಯವಿಟ್ಟು ಕೊಡಬೇಡಿ, ಅವರು ಕೆಟ್ಟಿದ್ದೇ ಅದರಿಂದ.

ಸಂಪಿಗೆಮನೆಯವರೇ, ಎರಡು ಉಂಡೆಗೂ ಹೆಸರು ಒಂದೇ, ಹಿಡಿಯುವ ಬಗೆ ಬೇರೆ. ಬೇಸನ್ ಲಾಡನ್ನು ಹಿಡಿದಿಡೋದು ತುಪ್ಪ ಒಂದೇ. ಹಿಟ್ಟಿನ ಕಣದ ನಡುವೆ ತುಪ್ಪ ಬಿಸಿಯಲ್ಲಿ ಹರಡಿಕೊಂಡು, ಆರಿದ ಮೇಲೆ ಹೆಪ್ಪುಗಟ್ಟಿ ನಿಲ್ಲಿಸುತ್ತೆ. ಅಲ್ಲಿ ನೀರಿನ ಅಂಶಕ್ಕೆ ಕೆಲಸವೇ ಇಲ್ಲ. ರವೆ ಉಂಡೆಯಲ್ಲಿ ತುಪ್ಪ ಇರೋದು ಹುರಿಯೋಕೆ, ಘಮಕ್ಕೆ, ಬಾಯಲ್ಲಿ ಒಣಒಣ ಅನ್ನದಿರೋಕೆ. ಹಿಡಿಸೋದು ಬಿಸಿ ಹಾಲು ಅಥವಾ ಪಾಕ. ರವೆ ಕಾಳು ಗಟ್ಟಿ ತುಣುಕು, ಮೇಲೆ ತುಪ್ಪ ಸವರಿಕೊಂಡು ಜಾರುತ್ತೆ. ಹೆಚ್ಚು ತುಪ್ಪ ಹಾಕಿದಷ್ಟೂ ಹೆಚ್ಚು ಜಾರುತ್ತೆ. ಕಾಳಿನ ಮೇಲ್ಮೈ ಸ್ವಲ್ಪ ತೇವ ಕುಡಿದು ಮೆತ್ತಗಾಗಬೇಕು, ಅದಕ್ಕೆ ಸಕ್ಕರೆ ಕರಗಿ ಅಂಟಬೇಕು. ಆಗಲೇ ಉಂಡೆ.

ಮೊದಲು ಬೇಸನ್. ನಿಮ್ಮ ಅಳತೆಯಲ್ಲಿ ತುಪ್ಪ ಹಿಟ್ಟಿನ ತೂಕದ ಶೇ 70. ಸಣ್ಣ ಹಿಟ್ಟಿಗೆ ಅರ್ಧ ತೂಕ, ಹೆಚ್ಚೆಂದರೆ ಶೇ 55 ಸಾಕು. ಅಂದರೆ 500 ಗ್ರಾಂಗೆ 250ರಿಂದ 275. ದಪ್ಪ ಹಿಟ್ಟಾದರೆ 225ಕ್ಕೂ ಆಗುತ್ತೆ. ನಿಮ್ಮಲ್ಲಿ ಹತ್ತಿರ ಹತ್ತಿರ 100 ಗ್ರಾಂ ಹೆಚ್ಚಿದೆ. ಅದರ ಮೇಲೆ ಐದೇ ನಿಮಿಷಕ್ಕೆ ಸಕ್ಕರೆ ಹಾಕಿದ್ದೀರಿ. ಸುಡುವ ಹಿಟ್ಟಿಗೆ ಸಕ್ಕರೆ ಬಿದ್ದರೆ ಮಿಶ್ರಣ ಸಡಿಲವಾಗುತ್ತೆ, ಆರಿದ ಮೇಲೆ ಕೆಲವು ಕಡೆ ಗಂಟು, ಕೆಲವು ಕಡೆ ಜಿಡ್ಡು. ಬಾಣಲೆಯ ಹೊರಗೆ ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಅಷ್ಟು ಆರಿದ ಮೇಲೇ ಸಕ್ಕರೆ.

ಅಂಗುಳಕ್ಕೆ ಅಂಟೋದಕ್ಕೆ ತುಪ್ಪ ಕಾರಣ ಅಲ್ಲ, ಹಿಟ್ಟು ಹಸಿ ಉಳಿದಿದೆ.

ಧಾರವಾಡದಾಕಿ
ಭಟ್ರು ಹೇಳಿದ್ದು ಖರೇ ಅದ. 15 ನಿಮಿಷ ಅಂದ್ರ ಏನೂ ಆಗಂಗಿಲ್ರಿ, ಅದೂ ಮಧ್ಯಮ ಉರಿಯೊಳಗ. ಅರ್ಧ ಕಿಲೋ ಹಿಟ್ಟಿಗೆ ಸಣ್ಣ ಉರಿ ಮ್ಯಾಲೆ 30–35 ನಿಮಿಷ ಬೇಕ ಬೇಕು. ದಪ್ಪ ತಳದ ಬಾಣಲಿ, ಕೈ ಬಿಡಂಗಿಲ್ಲ.

ಒಂದು ಮಾತು ಯಾರೂ ಹೇಳಂಗಿಲ್ಲ. ತುಪ್ಪ ಹೆಚ್ಚಾಗೋದು ಯಾವಾಗ ಅಂದ್ರ ಮೊದಲಿನ ಹತ್ತು ನಿಮಿಷದಾಗ. ಹಿಟ್ಟು ತುಪ್ಪ ಕುಡದು ಮುದ್ದಿ ಆಗ್ತದ, ಸೌಟಿಗೆ ಭಾರ ಹತ್ತತದ, ಒಣಾ ಕಾಣ್ತದ. ಆವಾಗ ಎಲ್ಲಾರೂ ತುಪ್ಪ ಕಮ್ಮಿ ಬಿತ್ತು ಅಂತ ಇನ್ನೆರಡು ಚಮಚ ಹಾಕ್ತಾರ. ಹಾಕಬ್ಯಾಡ್ರಿ! ಕಾಯ್ರಿ. 15–20 ನಿಮಿಷಕ್ಕ ಹಿಟ್ಟಿನ್ಯಾಗಿನ ಹಸಿ ಹೋಗತದ, ಮುದ್ದಿ ಒಡದು ಸಡಲ ಆಗ್ತದ. ಸೌಟು ಹಗುರ ಆಗ್ತದ. 25 ನಿಮಿಷದ ಹೊತ್ತಿಗೆ ತುಪ್ಪ ಬಿಟ್ಟು ಮಿರಿಮಿರಿ ಮಿಂಚತದ, ಸೌಟು ಎತ್ತಿದ್ರ ಧಾರಿ ಹಂಗ ಇಳೀತದ. ಮೊದಲ ಹಾಕಿದ ತುಪ್ಪಾನೇ ಅದು, ಎಲ್ಲೂ ಹೋಗಿರಂಗಿಲ್ಲ. ಆವಾಗ ಹೆಚ್ಚಿಗಿ ಹಾಕಿದ್ದು ಗೊತ್ತಾಗ್ತದ, ತೆಗೀಲಿಕ್ಕೆ ಬರಂಗಿಲ್ಲ.

ಕಾರ್ತಿಕ್_ಎಸ್
ಬಣ್ಣ ಬಂದರೆ ಆಯ್ತು ಅಲ್ವಾ? ನಿಮಿಷ ಎಣಿಸೋದು ಯಾಕೆ? ಉರಿ ಸ್ವಲ್ಪ ಜೋರಿಟ್ಟರೆ 12 ನಿಮಿಷಕ್ಕೇ ಕಂದು ಬಣ್ಣ ಬರುತ್ತೆ.

ಅಡಿಗೆಭಟ್ಟ_ಹಾಸನ
ಬಣ್ಣ ಬೇಕು, ಬಣ್ಣ ಒಂದೇ ಸಾಲದು. ಜೋರು ಉರಿಯಲ್ಲಿ ತಳಕ್ಕೆ ತಾಗಿದ ಹಿಟ್ಟು ಕೆಂಪಾಗಿ, ಮೇಲಿನದು ಹಸಿಯಾಗಿ, ಎರಡೂ ಬೆರೆತು ನಡುವಿನ ಬಣ್ಣ ಕಾಣುತ್ತೆ. ನೋಡೋಕೆ ಹುರಿದ ಹಾಗೆ, ತಿಂದರೆ ಅಂಟು ಮತ್ತು ಸಣ್ಣ ಕಹಿ, ಎರಡೂ. ಮೂಗಿಗೆ ಹೆಚ್ಚು ಬೆಲೆ ಕೊಡಿ. ಹಸಿ ಬೇಳೆಯ ವಾಸನೆ ಪೂರ್ತಿ ಹೋಗಿ, ಹುರಿದ ಕಡಲೆಯ ಘಮ ಪಕ್ಕದ ಕೋಣೆಗೆ ಮುಟ್ಟಬೇಕು. ಅನುಮಾನ ಇದ್ದರೆ ಚಿಟಿಕೆಯಷ್ಟು ತಟ್ಟೆಗೆ ಹಾಕಿ ಆರಿಸಿ ನಾಲಿಗೆ ಮೇಲಿಡಿ. ಅಂಗುಳಕ್ಕೆ ಮೆತ್ತಿಕೊಂಡರೆ ಇನ್ನೂ ಐದು ನಿಮಿಷ.

ಆದ ಮೇಲೆ ಬಾಣಲೆಯಲ್ಲೇ ಬಿಡಬೇಡಿ. ದಪ್ಪ ತಳದ ಬಿಸಿಗೆ ಹಿಟ್ಟು ಒಲೆ ಆರಿಸಿದ ಮೇಲೂ ಕಂದುತ್ತಾ ಹೋಗುತ್ತೆ. ಒಂದು ಛಾಯೆ ಮೊದಲೇ ಇಳಿಸಿ ಅಗಲ ಪರಾತಕ್ಕೆ ಸುರಿದುಬಿಡಿ.

ಶಾರದಾ_ಪುತ್ತೂರು
ಇಷ್ಟೆಲ್ಲ ಯಾಕೆ ಹುರಿಯೋದು ಅಂತ ನನಗೆ ಅರ್ಥ ಆಗ್ಲಿಲ್ಲ. ನಾವು ಕಡಲೆ ಹಿಟ್ಟಿನ ಉಂಡೆಗೆ ಹುರಿಯೋದೇ ಇಲ್ಲ. ಹಿಟ್ಟು, ಸಕ್ಕರೆ, ಏಲಕ್ಕಿ ಬೆರೆಸಿ ಬಿಸಿ ತುಪ್ಪ ಹಾಕಿ ಕಟ್ಟಿದರೆ ಮುಗೀತು, ಹತ್ತು ನಿಮಿಷದ ಕೆಲಸ. ಅಂಟೋದೂ ಇಲ್ಲ.

ಅಡಿಗೆಭಟ್ಟ_ಹಾಸನ
ಶಾರದಕ್ಕ, ನೀವು ಹೇಳ್ತಿರೋದು ಹುರಿಗಡಲೆ ಹಿಟ್ಟಿನ ಉಂಡೆ, ಪುಟಾಣಿದು. ಅದು ಆಗಲೇ ಹುರಿದ ಕಾಳು, ಹಾಗಾಗಿ ಪುಡಿ ಮಾಡಿ ಕಟ್ಟಿದರೆ ಆಯ್ತು. ಇಲ್ಲಿ ಮಾತಾಡ್ತಿರೋದು ಹಸಿ ಕಡಲೆ ಬೇಳೆಯ ಹಿಟ್ಟು, ಬಜ್ಜಿಗೆ ಕಲಸೋದು. ಅದನ್ನು ಹುರಿಯದೆ ಕಟ್ಟಿದರೆ ಬಾಯಿಗಿಡೋಕೆ ಆಗಲ್ಲ, ಹೊಟ್ಟೆಯೂ ಕೆಡಬಹುದು.

ಶಾರದಾ_ಪುತ್ತೂರು
ಓ, ಹಾಗಾ. ನಾನು ಅದನ್ನೇ ಕಡಲೆ ಹಿಟ್ಟು ಅನ್ನೋದು. ಆದರೆ ನಮ್ಮದು ಕೂರೋದಿಲ್ಲ ಅನ್ನೋದು ಮಾತ್ರ ನಿಜ 😄

ಸಂಪಿಗೆಮನೆ
ಈಗ ಆಗಿಹೋಗಿರೋ ಬೇಸನ್ ಲಾಡನ್ನ ಮತ್ತೆ ಬಾಣಲೆಗೆ ಹಾಕಿ ಹುರಿಯಲಾ? ಹಸಿ ಇದೆ ಅಂದ್ರಲ್ಲ.

ಅಡಿಗೆಭಟ್ಟ_ಹಾಸನ
ಬೇಡವೇ ಬೇಡ. ಸಕ್ಕರೆ ಸೇರಿದೆ, ಮತ್ತೆ ಬಿಸಿಗೆ ಇಟ್ಟರೆ ಸಕ್ಕರೆ ಕರಗಿ ತಳ ಹಿಡಿಯುತ್ತೆ.

ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ಹೆಚ್ಚಿರೋ ತುಪ್ಪ 100 ಗ್ರಾಂ. ಅದನ್ನು ಕುಡಿಯೋಕೆ 200 ಗ್ರಾಂ ಹಿಟ್ಟು ಬೇಕು. ಆ 200 ಗ್ರಾಂ ಹಿಟ್ಟನ್ನು ತುಪ್ಪ ಇಲ್ಲದೆ ಒಣದಾಗಿ, ಕನಿಷ್ಠ ಉರಿಯಲ್ಲಿ ಹುರಿಯಿರಿ. ತುಪ್ಪ ಇಲ್ಲದ ಹಿಟ್ಟು ಬೇಗ ಸೀಯುತ್ತೆ, ಅದಕ್ಕೆ ಕೈ ನಿಲ್ಲಿಸಬೇಡಿ. 12–15 ನಿಮಿಷದಲ್ಲಿ ಘಮ ಬರುತ್ತೆ, ಬಣ್ಣ ಒಂದು ಛಾಯೆ ಏರುತ್ತೆ. ಜರಡಿ ಹಿಡಿದು ಪೂರ್ತಿ ಆರಿಸಿ. ಲಾಡುಗಳನ್ನು ಪರಾತದಲ್ಲಿ ಪುಡಿ ಮಾಡಿ, ಮೊದಲು 150 ಗ್ರಾಂ ಹಿಟ್ಟು, ಅದಕ್ಕೆ ತಕ್ಕ ಸಕ್ಕರೆ ಪುಡಿ 100–120 ಗ್ರಾಂ ಹಾಕಿ ಅಂಗೈ ಬುಡದಿಂದ ಚೆನ್ನಾಗಿ ತಿಕ್ಕಿ. ಉಳಿದ 50 ಗ್ರಾಂ ಕೈಯಲ್ಲಿರಲಿ.

ಈಗ ಒಂದೇ ಒಂದು ಉಂಡೆ ಕಟ್ಟಿ ಸ್ಟೀಲ್ ತಟ್ಟೆ ಮೇಲಿಟ್ಟು ಅರ್ಧ ಗಂಟೆ ಬಿಡಿ. ತಳದಲ್ಲಿ ಕಾಸಿನಗಲ ಮಾತ್ರ ಸಮವಾಗಿ, ಉಳಿದದ್ದು ದುಂಡಗೇ ಇದ್ದರೆ ಸರಿಯಾಗಿದೆ. ಅದಕ್ಕಿಂತ ಅಗಲವಾಗಿ ಕೂತರೆ, ತಟ್ಟೆ ಮೇಲೆ ತುಪ್ಪದ ಉಂಗುರ ಕಂಡರೆ, ಉಳಿದ ಹಿಟ್ಟೂ ಬೇಕು. ಎಲ್ಲವನ್ನೂ ಕಟ್ಟಿದ ಮೇಲೆ ಪರೀಕ್ಷೆ ಮಾಡೋದಕ್ಕಿಂತ ಒಂದರಲ್ಲಿ ಮಾಡೋದು ವಾಸಿ.

ಮೊದಲಿನ ಹಿಟ್ಟಿನ ಹಸಿತನ ಇದರಿಂದ ಪೂರ್ತಿ ಹೋಗಲ್ಲ, ಸ್ವಲ್ಪ ಕಡಿಮೆ ಅನ್ನಿಸುತ್ತೆ ಅಷ್ಟೇ. ಅದು ಒಲೆ ಮೇಲೆ ಆಗಬೇಕಿದ್ದ ಕೆಲಸ.

ಮಲ್ಲಿಗೆ_ಟೊರಾಂಟೊ
ನನ್ನದು ಉಲ್ಟಾ ಸಮಸ್ಯೆ. ಇಲ್ಲಿ ಚಳಿಗಾಲದಲ್ಲಿ ಅರ್ಧ ತೂಕದ ತುಪ್ಪ ಹಾಕಿದ್ರೂ ಕಟ್ಟುವಾಗ ಪುಡಿಪುಡಿ, ಕಟ್ಟಿದ ಮೇಲೆ ಕಲ್ಲು. ಜಾಸ್ತಿ ತುಪ್ಪ ಹಾಕಬೇಕಾ?

ಧಾರವಾಡದಾಕಿ
ಬ್ಯಾಡ್ರಿ ಅಕ್ಕಾರ. ನಿಮ್ಮಲ್ಲಿ ತುಪ್ಪ ಕೈಯಾಗ ಹೆಪ್ಪಾಗ್ಲಿಕ್ಕತ್ತದ, ಅಷ್ಟ. ಸಕ್ಕರಿ ಕಲಸಿದ ಕೂಡ್ಲೆ ಬೆಚ್ಚಗಿದ್ದಾಗ ಕಟ್ರಿ, ತಣ್ಣಗಾಗೂ ತನಕ ಕಾಯಬ್ಯಾಡ್ರಿ. ಪರಾತದ ಬುಡಕ ಬಿಸಿನೀರಿನ ಪಾತ್ರೆ ಇಟ್ಟುಕೊಂಡ್ರ ಕಡೀ ಉಂಡಿ ತನಕ ಮೆತ್ತಗ ಇರ್ತದ. ನಮ್ಮ ಕಡೆ ಬ್ಯಾಸಗಿಯೊಳಗ ಉಲ್ಟಾ: ಕಲಬುರಗಿ, ರಾಯಚೂರಿನ ಬಿಸಲಿಗೆ ತುಪ್ಪ ಹೆಪ್ಪ ಆಗೂದ ಇಲ್ಲ. ಅಲ್ಲಿ ಅರ್ಧ ಕಿಲೋಕ್ಕ 225 ಗ್ರಾಂ ಮ್ಯಾಲೆ ಹೋದ್ರ ಉಂಡಿ ಕೂಡತಾವ.

ಮಲ್ಲಿಗೆ_ಟೊರಾಂಟೊ
ಇನ್ನೊಂದು. ನಾನು ಅಳೆಯೋದು ಕಪ್‌ನಲ್ಲಿ. ಎರಡು ಕಪ್ ಹಿಟ್ಟಿಗೆ ಒಂದು ಕಪ್ ತುಪ್ಪ, ಅದೇ ಅರ್ಧ ಅಲ್ವಾ?

ಅಡಿಗೆಭಟ್ಟ_ಹಾಸನ
ಅಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಜರಡಿ ಹಿಡಿದ ಹಿಟ್ಟು ಒಂದು ಕಪ್‌ಗೆ 100 ಗ್ರಾಂ ಆಸುಪಾಸು, ಕರಗಿದ ತುಪ್ಪ ಅದೇ ಕಪ್‌ಗೆ 215 ಗ್ರಾಂ ಮೇಲೆ. ಎರಡಕ್ಕೆ ಒಂದು ಅಂದರೆ ತೂಕದಲ್ಲಿ ಹಿಟ್ಟಿನಷ್ಟೇ ತುಪ್ಪ ಬಿತ್ತು. ನೀವು ಗಟ್ಟಿ ತುಪ್ಪ ತುಂಬಿದ್ರೂ ತೂಕ ಹೆಚ್ಚು ಕಡಿಮೆ ಅಷ್ಟೇ. ಕಪ್ಪೇ ಬೇಕು ಅಂದರೆ ಎರಡು ಕಪ್ ಹಿಟ್ಟಿಗೆ ಕರಗಿದ ತುಪ್ಪ ಅರ್ಧ ಕಪ್. ನೀವು ಒತ್ತಿ ತುಂಬಿದ ಹಿಟ್ಟು ಆದರೆ ಒಂದೆರಡು ಚಮಚ ಮೇಲೆ.

ನೀವು ಹೇಳಿದ ಅಳತೆ ಅದೇ ಆಗಿದ್ದರೆ ಲಾಡು ಕಲ್ಲಾಗೋದಕ್ಕೆ ಕಾರಣ ಸಿಕ್ಕಿತು. ತುಪ್ಪ ಹೆಚ್ಚಿದ್ದು ಚಳಿಗೆ ಹೆಪ್ಪಾಗಿದೆ. ಬೇಸಿಗೆಯಲ್ಲಿ ಮಾಡಿದ್ದರೆ ತಟ್ಟೆಯಲ್ಲಿ ಹರಡಿಕೊಳ್ತಿತ್ತು.

ಮಲ್ಲಿಗೆ_ಟೊರಾಂಟೊ
ಅಯ್ಯೋ, ಹೌದು. ತಕ್ಕಡಿ ತಗೋತೀನಿ.

ಧಾರವಾಡದಾಕಿ
ದಾಣಾದಾಣಾ ಬರಬೇಕಂದ್ರ ದಪ್ಪ ಹಿಟ್ಟು ತಗೋರಿ, ಇಲ್ಲಾ ಸಣ್ಣ ಹಿಟ್ಟಿಗೆ ಎರಡು ಚಮಚ ಸಣ್ಣ ರವಾ ಕೂಡಸ್ರಿ, ಹಿಟ್ಟಿನ ಜೋಡಿನ ಹುರೀರಿ. ಕಡೀಕ ಇಳಸೂ ಮೊದಲ ಒಂದು ಚಮಚ ನೀರು ಚಿಮುಕಸ್ತಾರ, ಬುಸ್ ಅಂತ ನೊರಿ ಬರ್ತದ, ಹಿಟ್ಟು ಅರಳತದ.

ಅಡಿಗೆಭಟ್ಟ_ಹಾಸನ
ನೀರಿನ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಹದವಾಗಿ ಮಾಡಿದರೆ ಕಾಳುಕಾಳಾಗಿ ಬರೋದು ನಿಜ. ಆದರೆ ಆ ನೀರು ಪೂರ್ತಿ ಹಾರುವ ತನಕ, ನೊರೆ ಕೂತು ಸಿಡಿಯುವ ಸದ್ದು ನಿಲ್ಲುವ ತನಕ ಎರಡು ಮೂರು ನಿಮಿಷ ಮತ್ತೆ ತಿರುವಬೇಕು. ಹೆಚ್ಚಿನವರು ನೊರೆ ಕಂಡ ಕೂಡಲೆ ಇಳಿಸ್ತಾರೆ. ನೀರು ಉಳಿದರೆ ಸಕ್ಕರೆ ಕರಗುತ್ತೆ, ಲಾಡು ಬೇಗ ಕೆಡುತ್ತೆ. ಮೂರು ವಾರ ಇಡಬೇಕಾದ್ದಕ್ಕೆ ನಾನು ಹಾಕಲ್ಲ.

ಧಾರವಾಡದಾಕಿ
ನಮ್ಮಲ್ಲಿ ಎಲ್ಲಾರೂ ಹಾಕ್ತಾರ್ರೀ, ಕೆಟ್ಟಿಲ್ಲ. ಮೂರು ವಾರ ಉಳೀಯೂದೂ ಇಲ್ಲ ಅನ್ರಿ.

ಸಂಪಿಗೆಮನೆ
ರವೆ ಉಂಡೆದು ಮರೆತೇ ಹೋದ್ರಾ ಎಲ್ರೂ?

ಅಡಿಗೆಭಟ್ಟ_ಹಾಸನ
ಮರೆತಿಲ್ಲ. 500 ಗ್ರಾಂ ರವೆಗೆ ತುಪ್ಪ 100ರಿಂದ 120 ಗ್ರಾಂ ಸಾಕಿತ್ತು. ನಿಮ್ಮಲ್ಲಿ 250 ಇದೆ. ಇನ್ನೊಂದು ತೊಡಕು ಬಾಂಬೆ ರವೆ. ಕಾಳು ದಪ್ಪ, ನಡುವೆ ಖಾಲಿ ಜಾಗ ಜಾಸ್ತಿ. ಚಿರೋಟಿ ರವೆ ಆಗಿದ್ದರೆ ಒತ್ತಿದಾಗ ಕಾಳಿಗೆ ಕಾಳು ಕೂರುತ್ತೆ. ಬಾಂಬೆ ರವೆಯಲ್ಲೇ ಮಾಡೋದಾದರೆ ಹುರಿದ ಮೇಲೆ ಮೂರನೇ ಒಂದು ಪಾಲನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಬೆರೆಸಬೇಕು. ಸಣ್ಣದು ದಪ್ಪದ ಸಂದಿಗೆ ಹೋಗಿ ತುಂಬುತ್ತೆ.

ನಿಮ್ಮದನ್ನು ಉಳಿಸೋದು ಹೀಗೆ. ಚಿರೋಟಿ ರವೆ 250 ಗ್ರಾಂ ತಗೊಂಡು ಒಣದಾಗಿಯೇ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ತಿರುಗಬಾರದು. ಘಮ ಬಂದು, ಸೌಟಿನಲ್ಲಿ ಎತ್ತಿ ಬಿಟ್ಟರೆ ಒಣ ಮರಳಿನ ಹಾಗೆ ಸರಸರ ಇಳಿಯಬೇಕು. ಹಸಿ ರವೆಗೆ ಹಾಲು ಬಿದ್ದರೆ ಮರುದಿನ ಹಿಟ್ಟು ಹಿಟ್ಟು ರುಚಿ ಬರುತ್ತೆ. ಆರಿದ ಮೇಲೆ ಅದನ್ನೂ ಅದಕ್ಕೆ 150–175 ಗ್ರಾಂ ಸಕ್ಕರೆ ಪುಡಿಯನ್ನೂ ನಿಮ್ಮ ಜಿಡ್ಡು ಮಿಶ್ರಣಕ್ಕೆ ಸೇರಿಸಿ. ಈಗ 750 ಗ್ರಾಂ ರವೆಗೆ 250 ಗ್ರಾಂ ತುಪ್ಪ ಆಯ್ತು. ನಾನು ಹಾಕುವುದಕ್ಕಿಂತ ಹೆಚ್ಚೇ, ಆದರೆ ಕಟ್ಟಬಹುದು.

ಆಮೇಲೆ ಹಾಲು. ಕುದಿಸಿದ, ಇನ್ನೂ ಹಬೆಯಾಡುವ ಹಾಲು. ಒಂದು ಚಮಚ ಚಿಮುಕಿಸಿ, ಬೆರಳಲ್ಲಿ ಬೆರೆಸಿ, ಮತ್ತೊಂದು ಚಮಚ. ಐದಾರು ದೊಡ್ಡ ಚಮಚ ಆದ ಮೇಲೆ ನಿಲ್ಲಿಸಿ, ಮುಚ್ಚಿ 20 ನಿಮಿಷ ಬಿಡಿ. ರವೆ ಕುಡಿಯೋದು ನಿಧಾನ. ಆ 20 ನಿಮಿಷ ಕಾಯದೆ ಇನ್ನೂ ಒಣಗಿದೆ ಅಂತ ಹಾಲು ಹಾಕುತ್ತಾ ಹೋದರೆ, ಕಾಲು ಗಂಟೆ ಕಳೆದಾಗ ಮುದ್ದೆ. ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಬೆರಳಿನ ಗುರುತು ಉಳಿದು, ಹೆಬ್ಬೆರಳಲ್ಲಿ ತಳ್ಳಿದರೆ ಎರಡು ಮೂರು ತುಂಡಾಗಿ ಒಡೆಯಬೇಕು. ಪುಡಿಯಾಗಿ ಉದುರಿದರೆ ಇನ್ನೊಂದು ಚಮಚ, ಒಡೆಯದೆ ಅಂಟಿ ಬಂದರೆ ಹಾಲು ಹೆಚ್ಚಾಗಿದೆ.

ಕಾರ್ತಿಕ್_ಎಸ್
ತಣ್ಣನೆ ಹಾಲು ಹಾಕಿದರೆ ಏನಾಗುತ್ತೆ? ಹಾಲು ಹಾಲೇ ತಾನೇ.

ಅಡಿಗೆಭಟ್ಟ_ಹಾಸನ
ತಣ್ಣನೆ ಹಾಲು ತಗುಲಿದ ಕಡೆ ತುಪ್ಪ ಹೆಪ್ಪಾಗಿ ಕಾಳಿಗೆ ಕವಚ ಆಗುತ್ತೆ, ತೇವ ಒಳಗೆ ಹೋಗಲ್ಲ. ಬಿಸಿಯಿದ್ದರೆ ರವೆ ಬೇಗ ಅರಳುತ್ತೆ, ಸಕ್ಕರೆಯೂ ಅಂಚಿನಲ್ಲಿ ಕರಗುತ್ತೆ.

ಶಾರದಾ_ಪುತ್ತೂರು
ಹಾಲು ಹಾಕಿದ್ದು ಎಷ್ಟು ದಿನ ಇರುತ್ತೆ? ಕರಾವಳಿಯ ಸೆಕೆಗೆ ಮೂರನೇ ದಿನಕ್ಕೇ ಹುಳಿ ವಾಸನೆ. ನಾವು ಪಾಕದ್ದೇ ಮಾಡೋದು. ಇದರಲ್ಲಿ ನಾನು ತಪ್ಪಿಲ್ಲ ಅಂದ್ಕೋತೇನೆ.

ಅರ್ಧ ಕಿಲೋ ಚಿರೋಟಿ ರವೆ, ತುಪ್ಪ 75 ಗ್ರಾಂ ಸಾಕು. ಸಕ್ಕರೆ 400 ಗ್ರಾಂ, ನೀರು ಒಂದು ಲೋಟ, 200 ಎಂಎಲ್ ಆಗಬಹುದು. ಒಂದೆಳೆ ಪಾಕ. ಒಲೆ ಆರಿಸಿ ಹುರಿದ ರವೆ, ಕೊಬ್ಬರಿ, ಏಲಕ್ಕಿ ಹಾಕಿ ಮಗುಚಿ ಮುಚ್ಚಿಡೋದು. ಮೊದಲು ಉಪ್ಪಿಟ್ಟಿಗಿಂತಲೂ ನೀರಾಗಿ ಕಾಣುತ್ತೆ, ಹೆದರಬಾರದು. ಮುಕ್ಕಾಲು ಗಂಟೆ ಬಿಟ್ಟು ನೋಡಿ, ಕಟ್ಟುವ ಹದಕ್ಕೆ ಬಂದಿರುತ್ತೆ. ಹತ್ತು ಹನ್ನೆರಡು ದಿನ ಏನೂ ಆಗಲ್ಲ. ಹಸಿ ತೆಂಗಿನ ತುರಿ ಹಾಕಿದರೆ ಮಾತ್ರ ಬೇಗ ಮುಗಿಸಬೇಕು.

ಧಾರವಾಡದಾಕಿ
ಶಾರದಾ ಅವ್ರು ಹೇಳಿದ್ದು ಒಪ್ಪತೀನಿ, ಪಾಕದ ಉಂಡಿನ ಛಲೋ. ಆದ್ರ ಪಾಕ ಎರಡೆಳಿಗೆ ಹೋತಂದ್ರ ಕೆಲಸ ಕೆಡ್ತದ. ರವಾ ಹಾಕಿದ ಹತ್ತು ನಿಮಿಷಕ್ಕ ಸಕ್ಕರಿ ಹರಳುಗಟ್ಟಿ ಬೆಳ್ಳಗ ಉದುರುದುರು ಆಗ್ತದ.

ಶಾರದಾ_ಪುತ್ತೂರು
ಹಾಗಾದರೆ ಎರಡು ಮೂರು ಚಮಚ ಬಿಸಿ ನೀರು ಚಿಮುಕಿಸಿ, ಬಾಣಲೆಯನ್ನು ಸಣ್ಣ ಉರಿ ಮೇಲೆ ಒಂದು ನಿಮಿಷ ಇಟ್ಟು ಮಗುಚಿದರೆ ಸಡಿಲ ಆಗುತ್ತೆ. ಆ ಮೇಲೆ ಕಾಯಲಿಕ್ಕೆ ಇಲ್ಲ, ಬಿಸಿಯಲ್ಲೇ ಕಟ್ಟಬೇಕು. ಪಾಕ ಎಳೆ ಬಾರದೆ ಇಳಿಸಿದ್ದಾದರೆ ಎಷ್ಟು ಕಾದರೂ ಅಂಟಂಟು. ಅದಕ್ಕೆ ಹುರಿದ ರವೆ ಸೇರಿಸದೆ ದಾರಿ ಇಲ್ಲ.

ಸಂಪಿಗೆಮನೆ
ರವೆದು ಮಾಡಿ ನೋಡಿದೆ. ಚಿರೋಟಿ ರವೆ 250 ಸೇರಿಸಿ, ಹಾಲು ಆರು ಚಮಚಕ್ಕೆ ನಿಂತಿತು. 20 ನಿಮಿಷ ಬಿಟ್ಟ ಮೇಲೆ ಉಂಡೆ ಉದುರದೆ ಬಂದವು, ಆದರೆ ಮೇಲ್ಮೈ ಹೊಳಪು ಜಾಸ್ತಿ, ಕೈಗೆ ಇನ್ನೂ ಸ್ವಲ್ಪ ಜಿಡ್ಡು. ಬೇಸನ್‌ಗೆ 150 ಗ್ರಾಂ ಹುರಿದ ಹಿಟ್ಟು ಸೇರಿಸಿ ತಟ್ಟೆ ಮೇಲಿಟ್ಟ ಉಂಡೆ ಇನ್ನೂ ಅಗಲವಾಗಿ ಕೂತಿತು, ಉಂಗುರವೂ ಬಂತು. ಉಳಿದ 50 ಹಾಕಿ 35 ಗ್ರಾಂ ಸಕ್ಕರೆ ಸೇರಿಸಿದ ಮೇಲೆ ಎರಡನೇದು ದುಂಡಗೆ ನಿಂತಿದೆ. ಅಂಗುಳಕ್ಕೆ ಅಂಟೋದು ಅರ್ಧ ಕಡಿಮೆ, ಪೂರ್ತಿ ಹೋಗಿಲ್ಲ.

ಇನ್ನೊಂದು ಅನುಮಾನ: ಮನೆಯಲ್ಲಿ ಎಮ್ಮೆ ತುಪ್ಪವೂ ಇದೆ. ಬೇಸನ್‌ಗೆ ಅದೇ ಗಟ್ಟಿ ನಿಲ್ಲುತ್ತೆ ಅಂತಾರೆ, ನಿಜಾನಾ?

ಧಾರವಾಡದಾಕಿ
ಹೌದ್ರಿ, ಎಮ್ಮಿ ತುಪ್ಪ ದಾಣಾ ಕಟ್ಟತದ, ಉಂಡಿ ಬಿಗಿ ನಿಲ್ಲತದ.

ಅಡಿಗೆಭಟ್ಟ_ಹಾಸನ
ಸ್ವಲ್ಪ ಬಿಗಿ ನಿಲ್ಲೋದು ಸರಿ, ಘಮಕ್ಕೆ ನನಗೆ ಹಸುವಿನದೇ ಬೇಕು. ಅರ್ಧ ಅರ್ಧ ಹಾಕುವವರೂ ಇದ್ದಾರೆ. ಆದರೆ ಎಮ್ಮೆ ತುಪ್ಪ ಅಂತ ಅಳತೆ ಏರಿಸಬೇಡಿ, 500ಕ್ಕೆ 250 ಅಂದರೆ 250ಏ.

ಕಾರ್ತಿಕ್_ಎಸ್
ಮೈಕ್ರೋವೇವ್‌ನಲ್ಲಿ ಹಿಟ್ಟು ಹುರಿದವರು ಯಾರಾದ್ರೂ ಇದ್ದೀರಾ? ಒಂದೊಂದು ನಿಮಿಷಕ್ಕೆ ತೆಗೆದು ಕಲಸುತ್ತಾ ಹೋದರೆ ಏಳೆಂಟು ನಿಮಿಷಕ್ಕೆ ಆಗುತ್ತೆ ಅಂತ ಕೇಳಿದೀನಿ.

ಮಲ್ಲಿಗೆ_ಟೊರಾಂಟೊ
200 ಗ್ರಾಂ ತನಕ ಆಗುತ್ತೆ. ಗಾಜಿನ ಬಟ್ಟಲಿನ ನಡುಭಾಗ ಬೇಗ ಸೀಯುತ್ತೆ, ಹಾಗಾಗಿ ಕೊನೆಯ ಎರಡು ಸಲ ಅರ್ಧರ್ಧ ನಿಮಿಷಕ್ಕೇ ತೆಗೀಬೇಕು. ಅರ್ಧ ಕಿಲೋಗೆ ಬೇಡ.

ಧಾರವಾಡದಾಕಿ
ಆ ಘಮ ಬರಂಗಿಲ್ಲ ಬಿಡ್ರಿ.